ಸತತ ಮೂರು ಪಂದ್ಯ ಹೊರಗೆ ಬೇಡ: ಲೀಗ್ ವೇಳಾಪಟ್ಟಿಯ ಲೆಕ್ಕ ಬೆಳೆದು ಬಂದ ದಾರಿ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಸುತ್ತಮುತ್ತಲಿನ ಆರು ಊರುಗಳು ಒಂದು ವಾಲಿಬಾಲ್ ಲೀಗ್ ಆಡುತ್ತವೆ ಎಂದುಕೊಳ್ಳೋಣ. ಸಮೀರವಾಡಿ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ, ಬನಹಟ್ಟಿ. ಇಂಥ ಲೀಗ್ ಕಾಗದದ ಮೇಲಷ್ಟೇ ಇದೆ, ಆದರೆ ಅದರ ಲೆಕ್ಕ ದೊಡ್ಡ ಲೀಗುಗಳಿಗೂ ಅದೇ. ಪ್ರತಿ ತಂಡ ಉಳಿದ ಐದರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ. ವಾರಕ್ಕೊಂದು ಸುತ್ತು, ಒಟ್ಟು 10 ಸುತ್ತು. ಇಲ್ಲಿ ಪ್ರಯಾಣದ ದಣಿವು ದೊಡ್ಡದಲ್ಲ. ತೊಂದರೆ ಬೇರೆ ಕಡೆ ಇದೆ. ಮೂರು ವಾರ ತನ್ನೂರಿನ ಜನರ ಮುಂದೆ ಆಡದ ತಂಡ ಪಾಯಿಂಟ್ ಪಟ್ಟಿಯಲ್ಲಿ ಕೆಳಗಿಳಿಯಬಹುದು, ಅದರ ಮೈದಾನ ಖಾಲಿ ಬೀಳುತ್ತದೆ, ಟಿಕೆಟ್ ಇದ್ದರೆ ಗಲ್ಲಾಪೆಟ್ಟಿಗೆಯೂ ಖಾಲಿ. ಒಂದು ತಂಡ ಸತತ ಎರಡು ಸುತ್ತು ತವರಿನಲ್ಲೇ ಆಡಿದರೆ, ಇಲ್ಲವೇ ಸತತ ಎರಡು ಸುತ್ತು ಹೊರಗೇ ಆಡಿದರೆ ಅದನ್ನು ಈ ಕ್ಷೇತ್ರದವರು ಒಂದು ಬ್ರೇಕ್ ಎಂದು ಎಣಿಸುತ್ತಾರೆ. ತವರು, ಹೊರಗೆ ಎಂಬ ಸರದಿ ಮುರಿದ ಜಾಗ ಅದು.

ಯಾರು ಯಾರ ಜೊತೆ ಯಾವಾಗ ಆಡಬೇಕು ಎಂಬ ಪ್ರಶ್ನೆ ಬ್ರೇಕಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಪಾದ್ರಿ ಥಾಮಸ್ ಕರ್ಕ್‌ಮನ್ 1847ರಲ್ಲೇ ಇದಕ್ಕೆ ಬೇಕಾದ ಜೋಡಣೆಯನ್ನು ಬರೆದಿಟ್ಟಿದ್ದ. ಫ್ರಾನ್ಸಿನ ಎಡ್ವರ್ಡ್ ಲೂಕಾ 1880ರ ದಶಕದಲ್ಲಿ ಅದನ್ನು ಗಣಿತ ವಿನೋದದ ಪುಸ್ತಕಕ್ಕೆ ತಂದ. ಚೆಸ್ ಟೂರ್ನಿಗಳಲ್ಲಿ ಇಂದಿಗೂ ಬಳಸುವ ಬರ್ಗರ್ ಕೋಷ್ಟಕ ಇದೇ ಕುಟುಂಬದ್ದು. ವಿಧಾನ ಸುಲಭ. ಐದು ತಂಡಗಳನ್ನು 1ರಿಂದ 5ರ ತನಕ ವೃತ್ತದ ಮೇಲೆ ನಿಲ್ಲಿಸಿ, ಆರನೆಯದನ್ನು ನಡುವೆ ಇಡಿ. ಮೊದಲ ಸುತ್ತಿನಲ್ಲಿ ನಡುವಿನ ತಂಡ 1ರ ಜೊತೆ ಆಡುತ್ತದೆ. 1ರ ಎಡಬಲಕ್ಕೆ ಸಮದೂರದಲ್ಲಿರುವವು ಪರಸ್ಪರ ಆಡುತ್ತವೆ: 2ಕ್ಕೆ 5, 3ಕ್ಕೆ 4. ಮುಂದಿನ ಸುತ್ತಿಗೆ ಒಂದು ಹೆಜ್ಜೆ ತಿರುಗಿಸಿ. ಐದು ಸುತ್ತಿನಲ್ಲಿ ಎಲ್ಲರೂ ಎಲ್ಲರನ್ನೂ ಎದುರಿಸಿರುತ್ತಾರೆ.

ಪಂದ್ಯ ಯಾರ ಊರಲ್ಲಿ ಎಂಬುದನ್ನು ಗಂಭೀರವಾಗಿ ಲೆಕ್ಕಕ್ಕೆ ತಂದವರು ಲೊಸಾನ್‌ನ ಗಣಿತಜ್ಞ ಡೊಮಿನಿಕ್ ಡಿ ವೆರಾ. 1980ರ ದಶಕದ ಆರಂಭದಲ್ಲಿ ಅವರು ಕೇಳಿದ್ದು ಇಷ್ಟೇ: ಬ್ರೇಕುಗಳನ್ನು ಎಷ್ಟು ಕಡಿಮೆ ಮಾಡಬಹುದು? ಉತ್ತರದ ಹಿಂದಿನ ತರ್ಕ ಎರಡು ಸಾಲಿನದು, ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ಎರಡು ತಂಡಗಳ ಸರದಿ ಅಕ್ಷರಶಃ ಒಂದೇ ಆಗಿದ್ದರೆ ಅವು ಎಂದೂ ಪರಸ್ಪರ ಆಡಲಾರವು, ಏಕೆಂದರೆ ಎರಡೂ ಒಟ್ಟಿಗೇ ತವರಿನಲ್ಲಿರುತ್ತವೆ, ಒಟ್ಟಿಗೇ ಹೊರಗಿರುತ್ತವೆ. ಬ್ರೇಕೇ ಇಲ್ಲದ ಸರದಿಗಳಾದರೋ ಎರಡೇ: ತವರಿನಿಂದ ಶುರುವಾಗುವುದು, ಹೊರಗಿನಿಂದ ಶುರುವಾಗುವುದು. ಹಾಗಾಗಿ ಎರಡಕ್ಕಿಂತ ಹೆಚ್ಚು ತಂಡಗಳು ಬ್ರೇಕ್ ತಪ್ಪಿಸಿಕೊಳ್ಳುವಂತಿಲ್ಲ. ಉಳಿದವುಗಳಿಗೆ ತಲಾ ಒಂದಾದರೂ ಖಚಿತ. ಆರು ತಂಡಗಳು ಪರಸ್ಪರ ಒಂದೊಂದೇ ಸಲ ಆಡುವಾಗ ಕನಿಷ್ಠ 4, ಇಪ್ಪತ್ತು ತಂಡಗಳಾದರೆ 18. ವೃತ್ತದ ವಿಧಾನದಲ್ಲಿ ಜಾಗಗಳನ್ನು ಸರಿಯಾಗಿ ಹಂಚಿದರೆ ಈ ಕನಿಷ್ಠವನ್ನು ಮುಟ್ಟಬಹುದು ಎಂದೂ ಅವರು ತೋರಿಸಿದರು.

ಎರಡನೇ ಅರ್ಧ ಸೇರಿದಾಗ ಕಷ್ಟ ಶುರುವಾಗುತ್ತದೆ. ಎಲ್ಲರಿಗೂ ಮೊದಲು ಹೊಳೆಯುವುದು ಕನ್ನಡಿ ಪ್ರತಿ: ಅದೇ ಪಂದ್ಯಗಳು, ಅದೇ ಕ್ರಮ, ಜಾಗ ಮಾತ್ರ ಅದಲುಬದಲು. ವೃತ್ತದಿಂದ ಬಂದ ಪಟ್ಟಿಯಲ್ಲಿ 4ನೇ ಸಂಖ್ಯೆಯ ತಂಡದ ಸರದಿ ಹೀಗಿರುತ್ತದೆ (ತ ಎಂದರೆ ತವರು, ಹೊ ಎಂದರೆ ಹೊರಗೆ): ತ ಹೊ ತ ಹೊ ಹೊ. ಇದನ್ನು ತಿರುಗಿಸಿ ಮುಂದಕ್ಕೆ ಅಂಟಿಸಿದರೆ ಆರನೇ ಸುತ್ತೂ ಹೊ. ಅಂದರೆ 4, 5, 6ನೇ ಸುತ್ತುಗಳು ಸಾಲಾಗಿ ಹೊರಗೆ. ಅದರ ಜೋಡಿಯಾದ 5ನೇ ತಂಡಕ್ಕೆ ಅದೇ ಮೂರು ವಾರ ಸಾಲಾಗಿ ತವರು. ಪಟ್ಟಿಯ ಎರಡು ಅರ್ಧಗಳನ್ನು ಬೇರೆಬೇರೆಯಾಗಿ ನೋಡಿದರೆ ಈ ದೋಷ ಕಾಣುವುದೇ ಇಲ್ಲ. ಬೆಸುಗೆಯ ಜಾಗದಲ್ಲಿ ಬೆರಳಿಟ್ಟು ಓದಬೇಕು.

ಬೆಸುಗೆಯಲ್ಲಿ ಹೀಗೇಕಾಗುತ್ತದೆ? ಒಂದು ಅರ್ಧದಲ್ಲಿ ಸುತ್ತುಗಳು ಬೆಸಸಂಖ್ಯೆಯಲ್ಲಿವೆ. ಒಂದು ಬ್ರೇಕ್ ಇರುವ ತಂಡದ ಮೊದಲ ಪಂದ್ಯವೂ ಕೊನೆಯ ಪಂದ್ಯವೂ ಬೇರೆ ಜಾತಿಯವು, ಒಂದು ತವರು, ಇನ್ನೊಂದು ಹೊರಗೆ. ಕನ್ನಡಿ ಪ್ರತಿಯಲ್ಲಿ ಮೊದಲನೆಯದು ತಿರುಗಿ ಕೊನೆಯದರ ಪಕ್ಕಕ್ಕೆ ಬರುವುದರಿಂದ ಅಲ್ಲೊಂದು ಹೊಸ ಬ್ರೇಕ್ ಹುಟ್ಟಲೇಬೇಕು. ಆದ್ದರಿಂದ ಅಂಥ ತಂಡಕ್ಕೆ ಇಡೀ ಋತುವಿನಲ್ಲಿ ಮೂರು ಬ್ರೇಕ್, ಆರು ತಂಡಗಳ ಲೀಗಿನಲ್ಲಿ ಒಟ್ಟು 12. ಇದನ್ನು ಕಡಿಮೆ ಮಾಡಲಾಗದು. ಆದರೆ ಎರಡು ಬ್ರೇಕುಗಳು ಒಂದರ ಹಿಂದೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳಬಹುದು. ಮೊದಲ ಅರ್ಧದ ಬ್ರೇಕ್ ಕೊನೆಯ ಸುತ್ತಿನಲ್ಲೂ ಇರಬಾರದು, ಎರಡನೇ ಸುತ್ತಿನಲ್ಲೂ ಇರಬಾರದು. ಐದು ಸುತ್ತಿನಲ್ಲಿ ಉಳಿಯುವುದು 3 ಮತ್ತು 4 ಮಾತ್ರ. ಆ ಇಕ್ಕಟ್ಟಿನಲ್ಲೂ ಪಟ್ಟಿ ಕೂರುತ್ತದೆ (ಮೊದಲು ಬರೆದದ್ದು ತವರಿನ ತಂಡ):

1: ಸಮೀರವಾಡಿ–ಬೀಳಗಿ, ಜಮಖಂಡಿ–ಮುಧೋಳ, ರಬಕವಿ–ಬನಹಟ್ಟಿ
2: ಬನಹಟ್ಟಿ–ಸಮೀರವಾಡಿ, ಬೀಳಗಿ–ಜಮಖಂಡಿ, ಮುಧೋಳ–ರಬಕವಿ
3: ಸಮೀರವಾಡಿ–ಮುಧೋಳ, ರಬಕವಿ–ಜಮಖಂಡಿ, ಬೀಳಗಿ–ಬನಹಟ್ಟಿ
4: ರಬಕವಿ–ಸಮೀರವಾಡಿ, ಮುಧೋಳ–ಬೀಳಗಿ, ಜಮಖಂಡಿ–ಬನಹಟ್ಟಿ
5: ಸಮೀರವಾಡಿ–ಜಮಖಂಡಿ, ಬನಹಟ್ಟಿ–ಮುಧೋಳ, ಬೀಳಗಿ–ರಬಕವಿ

ಇದರ ಕನ್ನಡಿ ಪ್ರತಿಯನ್ನು 6ರಿಂದ 10ಕ್ಕೆ ಇಡಿ. ರಬಕವಿಯ ಸರದಿ ತ ಹೊ ತ ತ ಹೊ, ಹೊ ತ ಹೊ ಹೊ ತ ಎಂದಾಗುತ್ತದೆ. ಮೂರು ಬ್ರೇಕ್ ಇವೆ, ಆದರೆ ಎಲ್ಲಿಯೂ ಮೂರು ಒಂದೇ ಜಾತಿಯವು ಸಾಲಾಗಿಲ್ಲ. ಇನ್ನೊಂದು ಲಾಭವನ್ನೂ ಗಮನಿಸಿ. ಬನಹಟ್ಟಿಯ ಸರದಿ ರಬಕವಿಯದಕ್ಕೆ ಪೂರ್ತಿ ವಿರುದ್ಧ. ಅವಳಿ ಊರುಗಳು ಒಂದೇ ಮೈದಾನ ಹಂಚಿಕೊಂಡರೂ ಒಂದೇ ದಿನ ಎರಡು ಪಂದ್ಯ ಬೀಳುವುದಿಲ್ಲ. ಜಗತ್ತಿನ ಫುಟ್‌ಬಾಲ್ ಲೀಗುಗಳಲ್ಲಿ ಒಂದೇ ನಗರದ ಎರಡು ಕ್ಲಬ್ಬುಗಳಿಗೆ ಇಂಥ ಜೋಡಿ ಸರದಿಗಳನ್ನೇ ಕೊಡುವುದು ವಾಡಿಕೆ.

ಆದರೂ ಹಂಚಿಕೆಯಲ್ಲಿ ನ್ಯಾಯವಿಲ್ಲ. ಸಮೀರವಾಡಿಗೂ ಮುಧೋಳಕ್ಕೂ ಒಂದೂ ಬ್ರೇಕ್ ಇಲ್ಲ, ಉಳಿದ ನಾಲ್ಕಕ್ಕೆ ಮೂರು ಮೂರು. ಫ್ರಾನ್ಸಿನ ಹೆಸರಿನಿಂದಲೇ ಕರೆಯುವ ಒಂದು ಕ್ರಮ ಇದನ್ನು ಸರಿಮಾಡುತ್ತದೆ: ಎರಡನೇ ಅರ್ಧದಲ್ಲಿ 2ರಿಂದ 5ನೇ ಸುತ್ತಿನ ಪಂದ್ಯಗಳನ್ನು ತಿರುಗಿಸಿ ಮೊದಲು ಆಡಿಸಿ, ಮೊದಲ ಸುತ್ತಿನ ಮರುಪಂದ್ಯಗಳನ್ನು ಋತುವಿನ ಕಟ್ಟಕಡೆಗೆ ಇಡುವುದು. ಮೇಲಿನ ಪಟ್ಟಿಗೆ ಇದನ್ನು ಹಚ್ಚಿ ಎಣಿಸಿದರೆ ಪ್ರತಿ ತಂಡಕ್ಕೂ ಸರಿಯಾಗಿ ಎರಡೆರಡು ಬ್ರೇಕ್ ಬರುತ್ತದೆ. ಒಟ್ಟು ಮತ್ತೆ 12. ತಂಡಗಳು ಹೆಚ್ಚಿದಂತೆ ಉಳಿತಾಯವೂ ಸಿಗುತ್ತದೆ, 20 ತಂಡಗಳಿಗೆ ಕನ್ನಡಿಯಲ್ಲಿ 54 ಆದರೆ ಇಲ್ಲಿ 40. ಬೆಲೆ ಮಾತ್ರ ಕೊನೆಯಲ್ಲಿ ತೆರಬೇಕು. ಈಗ ಸಮೀರವಾಡಿ ಕೊನೆಯ ಎರಡು ಪಂದ್ಯಗಳನ್ನೂ ಹೊರಗೆ ಆಡುತ್ತದೆ, ಮುಧೋಳ ಎರಡನ್ನೂ ತವರಿನಲ್ಲಿ. ಪ್ರಶಸ್ತಿ ಕೊನೆಯ ವಾರ ತೀರ್ಮಾನವಾಗುವಂತಿದ್ದರೆ ಈ ಸಮಾನತೆಯನ್ನು ಯಾರೂ ಹೊಗಳುವುದಿಲ್ಲ.

1990ರ ದಶಕದಲ್ಲಿ ಯೋಚನೆಯ ಕ್ರಮವೇ ತಲೆಕೆಳಗಾಯಿತು. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಜಾರ್ಜ್ ನೆಮ್‌ಹಾಸರ್ ಮತ್ತು ಮೈಕೆಲ್ ಟ್ರಿಕ್ ಪಟ್ಟಿ ಮಾಡಿಕೊಟ್ಟರು, ಅದರ ಲೇಖನ 1998ರಲ್ಲಿ ಬಂತು. ಅವರು ಮೊದಲು ಒಳ್ಳೆಯ ಸರದಿಗಳನ್ನು ಮಾತ್ರ ಆರಿಸಿದರು. ಆಮೇಲೆ ಒಟ್ಟಿಗೆ ಹೊಂದುವ ಒಂಬತ್ತು ಸರದಿಗಳ ಗುಂಪು, ಆಮೇಲೆ ಹೆಸರಿಲ್ಲದ ತಂಡಗಳ ನಡುವೆ ಪಂದ್ಯಗಳು, ಊರಿನ ಹೆಸರು ಎಲ್ಲಕ್ಕಿಂತ ಕೊನೆಗೆ. ಹೀಗೆ ಮಾಡಿದರೆ ಕೆಟ್ಟ ಸರದಿ ಒಳಗೆ ಬರುವ ಬಾಗಿಲೇ ಇರುವುದಿಲ್ಲ. ಅವರ ಲೆಕ್ಕಕ್ಕೆ ಸುಮಾರು ಒಂದು ದಿನ ಹಿಡಿಯುತ್ತಿತ್ತು. ಮಾರ್ಟಿನ್ ಹೆಂಟ್ಸ್ 2001ರಲ್ಲಿ ಅದೇ ಸಮಸ್ಯೆಯನ್ನು ಬೇರೆ ವಿಧಾನದಿಂದ ಒಂದು ನಿಮಿಷದೊಳಗೆ ಮುಗಿಸಿದರು.

ಈ ಮಾರ್ಗದ ಅಪಾಯ ಎಂದರೆ ನೋಡಲು ಚೆನ್ನಾಗಿರುವ ಸರದಿಗಳ ಗುಂಪಿಗೆ ಪಂದ್ಯಗಳೇ ಕೂರದಿರುವುದು. ಜಪಾನಿನ ಮಿಯಾಶಿರೊ, ಇವಾಸಾಕಿ ಮತ್ತು ಮತ್ಸುಯಿ ಇದಕ್ಕೊಂದು ಎಣಿಕೆಯ ಪರೀಕ್ಷೆ ಕೊಟ್ಟರು. ನಮ್ಮ ಪಟ್ಟಿಯ ಸಮೀರವಾಡಿ, ಜಮಖಂಡಿ, ರಬಕವಿಗಳನ್ನೇ ತೆಗೆದುಕೊಳ್ಳಿ. ಮೂರರ ನಡುವೆ ಮೂರು ಪಂದ್ಯ ಆಗಬೇಕು. ಮೊದಲ ಸುತ್ತಿನಲ್ಲಿ ಮೂರೂ ತವರಿನಲ್ಲಿವೆ, ಎರಡನೆಯದರಲ್ಲಿ ಮೂರೂ ಹೊರಗೆ, ಹಾಗಾಗಿ ಅಲ್ಲಿ ಅವುಗಳ ನಡುವೆ ಪಂದ್ಯ ಅಸಾಧ್ಯ. 3, 4, 5ನೇ ಸುತ್ತುಗಳಲ್ಲಿ ತಲಾ ಒಂದಕ್ಕೆ ಅವಕಾಶವಿದೆ. ಬೇಕಾದದ್ದು ಮೂರು, ಸಿಕ್ಕಿದ್ದೂ ಮೂರು. ಒಂದು ಕಡಿಮೆಯಾಗಿದ್ದರೆ ಪೆನ್ಸಿಲ್ ಎತ್ತುವ ಮೊದಲೇ ಆ ಗುಂಪನ್ನು ಬಿಡಬೇಕಿತ್ತು. ಪರೀಕ್ಷೆ ಪಾಸಾದ ಎಲ್ಲ ಗುಂಪೂ ಕೂರುತ್ತದೆ ಎಂದಲ್ಲ, ಫೇಲಾದದ್ದು ಮಾತ್ರ ಖಂಡಿತ ಕೂರದು.

ನಮ್ಮ ಲೀಗುಗಳಿಗೆ ಬಂದರೆ, ಬೆಂಗಳೂರು ಎಫ್‌ಸಿ ಕಾಲಿಟ್ಟ 2013–14ರ ಐ–ಲೀಗಿನಲ್ಲಿ 13 ತಂಡಗಳಿದ್ದವು, ಪ್ರತಿಯೊಂದಕ್ಕೂ 24 ಪಂದ್ಯ. ಬೆಸಸಂಖ್ಯೆ ಎಂದರೆ ಪ್ರತಿ ಸುತ್ತಿಗೂ ಒಂದು ತಂಡ ಸುಮ್ಮನೆ ಕೂರಬೇಕು. ಸಂಘಟಕರಿಗೆ ಅದು ತಲೆನೋವು, ಲೆಕ್ಕಕ್ಕೆ ಅದೇ ವರ. ಹದಿನಾಲ್ಕನೆಯದಾಗಿ ಒಂದು ಹುಸಿ ತಂಡವನ್ನು ವೃತ್ತದ ನಡುವೆ ಇಟ್ಟು ಪಟ್ಟಿ ಮಾಡಿ, ಆಮೇಲೆ ಅದನ್ನು ಅಳಿಸಿದರೆ, ಒಂದು ಅರ್ಧದಲ್ಲಿ ಯಾರಿಗೂ ಒಂದೂ ಬ್ರೇಕ್ ಉಳಿಯದಂತೆ ಮಾಡಬಹುದು. ಸರದಿ ಮುರಿಯುವ ಜಾಗಕ್ಕೆ ಬಿಡುವು ಬಂದು ಕೂರುತ್ತದೆ. ಆದರೆ ಗೋವಾದ ನಾಲ್ಕು ಕ್ಲಬ್ಬುಗಳು, ಶಿಲ್ಲಾಂಗಿನ ಎರಡು, ಕೋಲ್ಕತ್ತದ ಕ್ಲಬ್ಬುಗಳು, ನಡುವೆ ಜನವರಿಯಲ್ಲಿ ಫೆಡರೇಶನ್ ಕಪ್, ಇವೆಲ್ಲ ಇದ್ದ ಕಡೆ ಶುದ್ಧ ಗಣಿತ ತುಂಬ ದೂರ ನಡೆಯುವುದಿಲ್ಲ. ಮೈದಾನ ಹಂಚಿಕೊಳ್ಳುವ ಕ್ಲಬ್ಬುಗಳಿಗೆ ಜೋಡಿ ಸರದಿ ಬೇಕು, ಬೆಸಸಂಖ್ಯೆಯ ಬ್ರೇಕಿಲ್ಲದ ಪಟ್ಟಿಯಲ್ಲಾದರೋ ಪೂರ್ತಿ ವಿರುದ್ಧವಾದ ಜೋಡಿಗಳು ಸಿಗವು, ಏಕೆಂದರೆ ಪ್ರತಿ ತಂಡದ ಬಿಡುವು ಬೇರೆ ಸುತ್ತಿನಲ್ಲಿರುತ್ತದೆ.

ಐಪಿಎಲ್ 2008ರಿಂದ 2010ರ ತನಕ ಎಂಟು ತಂಡಗಳ ಪೂರ್ತಿ ಡಬಲ್ ರೌಂಡ್ ರಾಬಿನ್ ಆಗಿತ್ತು. ಆದರೆ ಅಲ್ಲಿ ಸುತ್ತುಗಳೇ ಇರಲಿಲ್ಲ, ದಿನಕ್ಕೊಂದೆರಡು ಪಂದ್ಯ ಅಷ್ಟೇ. ಅಲ್ಲಿ ಸರದಿಗಿಂತ ಪಂದ್ಯಗಳ ನಡುವಿನ ದಿನಗಳನ್ನು ಎಣಿಸುವುದು ಹೆಚ್ಚು ಅರ್ಥಪೂರ್ಣ. 2009ರಲ್ಲಂತೂ ಇಡೀ ಟೂರ್ನಿ ದಕ್ಷಿಣ ಆಫ್ರಿಕಕ್ಕೆ ಹೋಗಿ ತವರು ಎಂಬುದೇ ಹೆಸರಿಗೆ ಮಾತ್ರವಾಯಿತು. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಡಿ ವೆರಾ ಅವರ ಲೆಕ್ಕವನ್ನು ಬೇಕೆಂದೇ ಬದಿಗಿಟ್ಟಿತು. ಮ್ಯಾಟು, ದೀಪ, ಕ್ಯಾಮೆರಾ ಎಲ್ಲ ಒಂದು ನಗರದಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಬೆಂಗಳೂರಿಗೆ ಬಂದಾಗ ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ಒಂದೇ ಸಮನೆ ಆಡಿ ಮುಗಿಸುತ್ತಿತ್ತು, ಉಳಿದ ಅವಧಿಯೆಲ್ಲ ಊರು ಸುತ್ತುತ್ತಿತ್ತು. ಬ್ರೇಕಿನ ಎಣಿಕೆಯಲ್ಲಿ ಇದಕ್ಕಿಂತ ಕೆಟ್ಟ ಪಟ್ಟಿ ಬರೆಯುವುದು ಕಷ್ಟ, ಸಾಗಣೆಯ ಖರ್ಚಿನಲ್ಲಿ ಇದಕ್ಕಿಂತ ಅಗ್ಗದ್ದೂ ಕಷ್ಟ.

2021ರಲ್ಲಿ ನಡೆದ ಅಂತರರಾಷ್ಟ್ರೀಯ ಕ್ರೀಡಾ ವೇಳಾಪಟ್ಟಿ ಸ್ಪರ್ಧೆಯ ಸಮಸ್ಯೆಗಳೆಲ್ಲ ಡಬಲ್ ರೌಂಡ್ ರಾಬಿನ್‌ಗಳೇ. ಅಲ್ಲಿ ಬ್ರೇಕ್ ಹಲವು ಬಗೆಯ ನಿಬಂಧನೆಗಳಲ್ಲಿ ಒಂದು. ಇಂತಿಂಥ ಸುತ್ತಿನಲ್ಲಿ ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಹೇಳುತ್ತಾರೆ, ಮೀರಿದರೆ ದಂಡ ಹಾಕುತ್ತಾರೆ. ನಮ್ಮ ಆರು ಊರುಗಳ ಪಟ್ಟಿಯನ್ನು ಈ ಕಣ್ಣಿನಿಂದ ನೋಡಿದರೆ ಕನ್ನಡಿ ಪ್ರತಿಯಲ್ಲಿ ಮೊದಲ ಎರಡು ಸುತ್ತುಗಳ ನಡುವೆಯೂ ಕೊನೆಯ ಎರಡು ಸುತ್ತುಗಳ ನಡುವೆಯೂ ಬ್ರೇಕ್ ಇಲ್ಲ, ಫ್ರೆಂಚ್ ಕ್ರಮದಲ್ಲಿ ಹಂಚಿಕೆ ಸಮ. ಆಯ್ಕೆ ನನ್ನದಾದರೆ ಕನ್ನಡಿ ಪ್ರತಿ ಹಿಡಿಯುತ್ತೇನೆ. ಮುಂದಿನ ವರ್ಷ ಬ್ರೇಕಿಲ್ಲದ ಎರಡು ಸರದಿಗಳನ್ನು ಜಮಖಂಡಿ ಮತ್ತು ಬೀಳಗಿಗೆ ಕೊಡುತ್ತೇನೆ, ಅದರಾಚೆಯ ವರ್ಷ ರಬಕವಿ ಮತ್ತು ಬನಹಟ್ಟಿಗೆ. ಜೋಡಿಗಳು ಒಡೆಯದೆ ಜಾಗ ಬದಲಿಸುವುದರಿಂದ ಅವಳಿ ಊರುಗಳ ಮೈದಾನದ ಲೆಕ್ಕ ಮೂರು ವರ್ಷವೂ ಕೆಡುವುದಿಲ್ಲ.