ಶಾಮಕ ಔಷಧಿಗಳಿಂದಾಗುವ ವಿಸ್ಮೃತಿ

ಶಾಮಕ ಔಷಧಿಗಳಿಂದಾಗುವ ವಿಸ್ಮೃತಿ ಎಂದರೆ ಶಾಮಕ ಅಥವಾ ನಿದ್ರಾಜನಕ ಔಷಧಿಯನ್ನು ಪಡೆದ ಅನಂತರ ನಡೆದ ಘಟನೆಗಳು ವ್ಯಕ್ತಿಯ ನೆನಪಿನಲ್ಲಿ ಉಳಿಯದಿರುವ ಸ್ಥಿತಿ. ಔಷಧಿಗೆ ಮೊದಲಿನ ನೆನಪುಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಬೆಂಜೋಡಯಜೆಪೀನ್ ವರ್ಗದ ಔಷಧಿಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಎಂಡೋಸ್ಕೋಪಿಯಂತಹ ಪರೀಕ್ಷೆಗೆ ಮುನ್ನ ರಕ್ತನಾಳಕ್ಕೆ ಚುಚ್ಚುವ ಮಿಡಜೋಲಮ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಕಾರಣ

ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಹೊಸ ಅನುಭವಗಳನ್ನು ದೀರ್ಘಕಾಲದ ನೆನಪಾಗಿ ದಾಖಲಿಸಲು ನೆರವಾಗುತ್ತದೆ. ಗಾಬಾ ಎಂಬ ರಾಸಾಯನಿಕವು ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವಂಥದು. ಮಿಡಜೋಲಮ್ ಅದರ ಪ್ರಭಾವವನ್ನು ಹೆಚ್ಚಿಸುವುದರಿಂದ ಈ ದಾಖಲಾತಿ ಕುಂಠಿತವಾಗುತ್ತದೆ. ಆದುದರಿಂದ ಇಲ್ಲಿ ನೆನಪು ಅಳಿಸಿಹೋಗುವುದಿಲ್ಲ, ಮೂಡುವುದೇ ಇಲ್ಲ. ಅನಂತರ ಯಾರು ಎಷ್ಟು ಜ್ಞಾಪಿಸಿದರೂ ಅದು ಮರಳದಿರಲು ಇದೇ ಕಾರಣ. ಆದರೆ ಕೆಲವು ಕ್ಷಣಗಳ ಮಟ್ಟಿಗೆ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಶಕ್ತಿ ಬಹುಮಟ್ಟಿಗೆ ಉಳಿದಿರುವುದರಿಂದ ರೋಗಿಯು ಮಾತನಾಡಬಲ್ಲನು, ಹೇಳಿದಂತೆ ಮಗ್ಗುಲಾಗಬಲ್ಲನು.

ವಯಸ್ಸಾದವರಲ್ಲಿ, ಯಕೃತ್ತಿನ ತೊಂದರೆಯುಳ್ಳವರಲ್ಲಿ, ಮದ್ಯ ಅಥವಾ ಅಫೀಮು ವರ್ಗದ ನೋವುನಿವಾರಕಗಳನ್ನು ಜೊತೆಗೆ ಪಡೆದವರಲ್ಲಿ ಅದೇ ಪ್ರಮಾಣದ ಔಷಧಿಯ ಪರಿಣಾಮ ಹೆಚ್ಚು.

ಸುರಕ್ಷತೆಯ ಸಮಸ್ಯೆಗಳು

ಪರೀಕ್ಷೆಯ ದೃಷ್ಟಿಯಿಂದ ಈ ಮರೆವು ಉಪಕಾರಿಯೇ. ನಳಿಕೆ ನುಂಗಿದ ಸಂಕಟ ನೆನಪಿರುವುದಿಲ್ಲ. ತೊಂದರೆ ಎದುರಾಗುವುದು ಆಮೇಲೆ. ಉದಾಹರಣೆಗೆ, 2 ಮಿಲಿಗ್ರಾಂ ಮಿಡಜೋಲಮ್ ಪಡೆದ ರೋಗಿಯೊಬ್ಬರು ಅರ್ಧ ಗಂಟೆಯಲ್ಲಿ ಎದ್ದು ಕುಳಿತು, ಹೆಸರು ಹೇಳಿ, ಚಹಾ ಕುಡಿಯುತ್ತಾರೆಂದುಕೊಳ್ಳೋಣ. ಹೊಟ್ಟೆಯಲ್ಲಿ ಹುಣ್ಣಿದೆ, ಆಸ್ಪಿರಿನ್ ನಿಲ್ಲಿಸಿ, ಮಲ ಕಪ್ಪಾದರೆ ಕೂಡಲೇ ಬನ್ನಿ ಎಂದು ವೈದ್ಯರು ಹೇಳಿದಾಗ ಅವರು ತಲೆಯಾಡಿಸುತ್ತಾರೆ. ಸಂಜೆಗೆ ಆ ಮಾತುಕತೆಯೇ ನೆನಪಿರುವುದಿಲ್ಲ. ಎಂದಿನಂತೆ ಆಸ್ಪಿರಿನ್ ನುಂಗುತ್ತಾರೆ.

ಸ್ಪಷ್ಟವಾದ ಉತ್ತರ ಬಂದಮಾತ್ರಕ್ಕೆ ಸ್ಮರಣೆ ಸರಿಯಿದೆಯೆಂದು ಹೇಳಲಾಗದು. ಮೂರು ವಸ್ತುಗಳ ಹೆಸರು ಹೇಳಿದರೆ ರೋಗಿಯು ಆ ಕ್ಷಣವೇ ಒಪ್ಪಿಸಬಹುದು. ಬೇರೆ ಮಾತಿನಲ್ಲಿ ಐದು ನಿಮಿಷ ಕಳೆದು ಕೇಳಿದಾಗ ದೋಷ ಬಯಲಾಗುತ್ತದೆ. ಈ ಕಾರಣದಿಂದ ಸೂಚನೆಗಳನ್ನು ಬರೆದು, ಜೊತೆಯಲ್ಲಿ ಬಂದವರ ಎದುರಿನಲ್ಲಿಯೂ ತಿಳಿಸುವುದು ರೂಢಿ. 24 ಗಂಟೆಗಳ ಕಾಲ ವಾಹನ ಚಾಲನೆ ಹಾಗೂ ದಸ್ತಾವೇಜುಗಳಿಗೆ ಸಹಿ ಮಾಡುವುದು ಬೇಡವೆಂದು ಸಾಮಾನ್ಯವಾಗಿ ಸಲಹೆ ನೀಡುತ್ತಾರೆ. ಪ್ರತ್ಯೌಷಧಿಯಾದ ಫ್ಲುಮಾಜೆನಿಲ್ ಮಂಪರನ್ನು ಇಳಿಸುತ್ತದೆಯಾದರೂ ಮರೆವನ್ನು ಅಷ್ಟೇ ಖಚಿತವಾಗಿ ಸರಿಪಡಿಸುವುದಿಲ್ಲ. ಅದರ ಪರಿಣಾಮ ಬೇಗ ತೀರುವುದರಿಂದ ಮಂಪರು ಮರುಕಳಿಸಲೂಬಹುದು.

ಮನೆಯಲ್ಲಿ ಸೇವಿಸುವ ಮಾತ್ರೆಗಳು

ನಿದ್ರೆಯ ಮಾತ್ರೆಗಳಲ್ಲಿ ಅಪಾಯದ ಸ್ವರೂಪ ಬೇರೆ. ಮಾತ್ರೆ ನುಂಗಿ ಮಲಗದೆ ಎಚ್ಚರವಿದ್ದವರು ಅದನ್ನು ನುಂಗಿದ್ದನ್ನೇ ಮರೆತು ಮತ್ತೊಂದನ್ನು ತೆಗೆದುಕೊಳ್ಳಬಹುದು. ಜೋಲ್ಪಿಡೆಮ್ ಸೇವಿಸಿದ ಕೆಲವರು ಅಡುಗೆ ಮಾಡಿ, ಕಾರು ಓಡಿಸಿ, ಬೆಳಿಗ್ಗೆ ಅದನ್ನು ಅರಿಯದಿದ್ದ ಪ್ರಸಂಗಗಳು ವರದಿಯಾಗಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಮರುದಿನ ಬೆಳಿಗ್ಗೆಯೂ ರಕ್ತದಲ್ಲಿ ಔಷಧಿ ಉಳಿಯುವ ಕಾರಣ, 2013ರಲ್ಲಿ ಮಹಿಳೆಯರಿಗೆ ಇದರ ಸಾಮಾನ್ಯ ಮಾತ್ರೆಯ ಶಿಫಾರಸು ಪ್ರಮಾಣವನ್ನು 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿತು. 2019ರಲ್ಲಿ ಇಂತಹ ನಿದ್ರಾವಸ್ಥೆಯ ವರ್ತನೆಗಳ ಬಗ್ಗೆ ಔಷಧಿಯ ವಿವರಪತ್ರದಲ್ಲಿ ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು.