ಮುಪ್ಪಲ್ಲ, ಮುರಿತ

ನಮ್ಮೂರಲ್ಲಿ ಅಜ್ಜಿಯರ ಬೆನ್ನು ಬಾಗಿದರೆ "ವಯಸ್ಸಾಯ್ತಲ್ಲ" ಅಂತ ಮಾತು ಮುಗಿಸ್ತಿದ್ರು. ಆದರೆ ಎಷ್ಟೋ ಸಲ ಅದು ಮುಪ್ಪಲ್ಲ, ಮುರಿತ.

ಇದು ಕಣ್ಣಿಗೆ ಕಂಡಿದ್ದು 1895ರಲ್ಲಿ ಎಕ್ಸ್‌ರೇ ಬಂದ ಮೇಲೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಬೆನ್ನಿನ ಒಂದೊಂದು ಮೂಳೆಯೂ ಇಟ್ಟಿಗೆಯ ಹಾಗೆ ಕಾಣಬೇಕು. ಕೆಲವರಲ್ಲಿ ಅದರ ಮುಂಭಾಗ ಕುಸಿದು, ಹಿಂಭಾಗ ಹಾಗೇ ನಿಂತು, ಮರ ಸೀಳುವ ಬೆಣೆಯ ಆಕಾರ ಬಂದಿರುತ್ತೆ. ಅಂಥ ನಾಲ್ಕೈದು ಬೆಣೆಗಳು ಒಂದರ ಮೇಲೊಂದು ಕೂತರೆ ಗೂನು.

ಯಾಕೆ ಕುಸಿಯುತ್ತೆ? 1940ರ ಸುಮಾರಿಗೆ ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್, ಮೂಳೆ ಸವೆದಿದ್ದ, 65 ದಾಟದ 42 ರೋಗಿಗಳನ್ನು ಗಮನಿಸಿದರು. ಅವರಲ್ಲಿ 40 ಜನ ಮುಟ್ಟು ನಿಂತ ಹೆಂಗಸರು! ಈಸ್ಟ್ರೋಜನ್ ಕಡಿಮೆಯಾಗೋದಕ್ಕೂ ಮೂಳೆ ಟೊಳ್ಳಾಗೋದಕ್ಕೂ ನಂಟಿದೆ ಅಂತ ಅವರು ವಾದಿಸಿದ್ದು ಹೀಗೆ.

ಅಳೆಯೋಕೆ ಸರಳ ವಿಧಾನವನ್ನು 1993ರಲ್ಲಿ ಹ್ಯಾರಿ ಜೆನಾಂಟ್ ಮತ್ತು ಸಂಗಡಿಗರು ಕೊಟ್ಟರು. ನಾನೇ ಒಂದು ಲೆಕ್ಕ ಹಾಕ್ತೀನಿ: ಮೂಳೆಯ ಹಿಂದಿನ ಎತ್ತರ 25 ಮಿ.ಮೀ., ಮುಂದಿನದು 18. ಕಡಿಮೆಯಾದದ್ದು 7, ಅಂದರೆ ಶೇ. 28. ಅವರ ಪ್ರಕಾರ ಶೇ. 20ರಿಂದ 25 ಸೌಮ್ಯ, 40ರವರೆಗೆ ಮಧ್ಯಮ, ಆಚೆಗೆ ತೀವ್ರ. ಹಾಗಾಗಿ ಇದು ಮಧ್ಯಮ.

ಆದರೆ ಬೆಣೆ ಕಂಡ ಮಾತ್ರಕ್ಕೆ ಮೂಳೆ ಸವೆತವೇ ಅನ್ನೋ ಹಾಗಿಲ್ಲ. ಹಳೇ ಪೆಟ್ಟು, ಕ್ಷಯ, ಕ್ಯಾನ್ಸರ್ ಕೂಡ ಹಾಗೆ ಮಾಡಬಲ್ಲವು. ಇನ್ನೊಂದು ತೊಡಕು, ಇಂಥ ಅನೇಕ ಮುರಿತಗಳು ಹೆಚ್ಚು ನೋವೇ ಕೊಡಲ್ಲ. ಕೆಮ್ಮಿಗೆಂದು ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ಅಚಾನಕ್ಕಾಗಿ ಸಿಗುತ್ತವೆ. ಆಗ ಅದನ್ನು ಬಿಟ್ಟುಬಿಡಬಾರದು, ಮೂಳೆ ಸವೆತವಿದ್ದವರಲ್ಲಿ ಒಂದು ಮುರಿದ ಮೇಲೆ ಇನ್ನೊಂದು ಮುರಿಯೋ ಸಾಧ್ಯತೆ ತುಂಬಾ ಹೆಚ್ಚು.