ವಿಮಾನಯಾನದ ನೈಜ ಅವಧಿ

ಹೊರಡುವ ಮತ್ತು ತಲುಪುವ ಊರುಗಳ ಸ್ಥಳೀಯ ವೇಳೆಗಳನ್ನು ಒಂದೇ ಕಾಲಮಾನಕ್ಕೆ ತಂದು ಕಳೆದಾಗ ಸಿಗುವ ಪ್ರಯಾಣದ ಕಾಲ. ಟಿಕೆಟ್ಟಿನಲ್ಲಿ ಆಯಾ ಊರಿನ ವೇಳೆಯನ್ನೇ ಮುದ್ರಿಸುವುದರಿಂದ ಈ ಲೆಕ್ಕ ಅಗತ್ಯ. ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನಕ್ಕೆ 2021ರ ಜನವರಿ 9ರ ರಾತ್ರಿ 8.30 ನಿರ್ಗಮನದ, 11ರ ಬೆಳಗಿನ ಜಾವ 3.45 ಆಗಮನದ ನಿಗದಿತ ವೇಳೆ. ಇವುಗಳ ನಡುವೆ ಮೇಲ್ನೋಟಕ್ಕೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಭಾರತೀಯ ಕಾಲಮಾನ ಅಲ್ಲಿನದಕ್ಕಿಂತ 13 ಗಂಟೆ 30 ನಿಮಿಷ ಮುಂದು. ಅದನ್ನು ಕಳೆದರೆ ನೈಜ ಅವಧಿ 17 ಗಂಟೆ 45 ನಿಮಿಷ. ಬೆಂಗಳೂರಿನಿಂದ ಹೊರಟಾಗ ಇದೇ ವ್ಯತ್ಯಾಸವನ್ನು ಕೂಡಿಸಬೇಕು. ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಆಗ ವ್ಯತ್ಯಾಸ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಉತ್ತರ ಸರಿಯಾಗಿ ಒಂದು ಗಂಟೆ ಹೆಚ್ಚುಕಡಿಮೆ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಓಡುಹಾದಿಗೆ ಸಾಗುವ ಹೊತ್ತೂ ಸೇರಿರುವುದರಿಂದ ಗಾಳಿಯಲ್ಲಿ ಹಾರುವ ಸಮಯ ಈ ಅವಧಿಗಿಂತ ತುಸು ಕಡಿಮೆ.